₹18 ಕೋಟಿಯ ಪಾಲಿಸಿ, ₹45 ಕೋಟಿಯ ಕಟ್ಟಡ

ಬೆಂಗಳೂರಿನ ಪೂರ್ವ ಭಾಗದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ 96 ಮನೆಗಳಿವೆ. ಎರಡು ಬ್ಲಾಕು, ಕೆಳಗೆ ಎರಡಕ್ಕೂ ಸೇರಿದ ಒಂದೇ ಬೇಸ್‌ಮೆಂಟು. ಹೋದ ಮಳೆಗಾಲದ ಒಂದು ರಾತ್ರಿ ರಾಜಕಾಲುವೆ ಉಕ್ಕಿ ರಸ್ತೆಗೆ ಬಂದ ನೀರು, ಕಾರುಗಳು ಇಳಿಯುವ ಇಳಿಜಾರಿನಲ್ಲೇ ಹರಿದು ಬೇಸ್‌ಮೆಂಟು ಸೇರಿತು. ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ನೀರು. ಲಿಫ್ಟಿನ ಗುಂಡಿಗಳು ತುಂಬಿದ್ದವು, ಸಂಪಿನ ಪಂಪುಗಳು ಮುಳುಗಿದ್ದವು, ವಿದ್ಯುತ್ ಪ್ಯಾನೆಲ್ ಬೋರ್ಡಿನ ಕೆಳಭಾಗಕ್ಕೆ ಕೆಸರು ಹತ್ತಿತ್ತು. ಕಾವಲಿನವರು ಸಮಯಕ್ಕೆ ಸರಿಯಾಗಿ ಮೇನ್ ಸ್ವಿಚ್ ತೆಗೆದಿದ್ದರಿಂದ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಸಂಘದ ಕಾರ್ಯದರ್ಶಿಯಾಗಿ ಅಂದು ನನಗೆ ಒಂದು ಧೈರ್ಯವಿತ್ತು. ಕಟ್ಟಡಕ್ಕೆ ವಿಮೆ ಇದೆ, ಪ್ರತಿ ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ್ದೇವೆ, ಪಾಲಿಸಿಯಲ್ಲಿ ಪ್ರವಾಹವೂ ಸೇರಿದೆ. ಕಂಪನಿ ಕಳಿಸಿದ ಸರ್ವೇಯರ್ ಎರಡು ದಿನ ಓಡಾಡಿ, ಬಿಲ್ಲುಗಳನ್ನು ನೋಡಿ, ₹10 ಲಕ್ಷದ ನಷ್ಟವನ್ನು ಒಪ್ಪಿಕೊಂಡರು. ಆದರೆ ಸಂಘದ ಖಾತೆಗೆ ಬಂದದ್ದು ₹3,80,000.

ನಮಗೆ ಮೋಸವಾಯಿತೆಂದೇ ಎಲ್ಲರೂ ಅಂದುಕೊಂಡರು. ಸರ್ವೇಯರ್ ವರದಿಯನ್ನು ಮೂರು ಸಲ ಓದಿದ ಮೇಲೆ ನನಗೆ ಗೊತ್ತಾಯಿತು: ಲೆಕ್ಕ ಸರಿಯಾಗಿಯೇ ಇತ್ತು, ತಪ್ಪು ನಮ್ಮದೇ. ಹನ್ನೆರಡು ವರ್ಷಗಳಿಂದ ನಾವು ₹45 ಕೋಟಿಯ ಕಟ್ಟಡಕ್ಕೆ ₹18 ಕೋಟಿಯ ಪಾಲಿಸಿಯನ್ನೇ ನವೀಕರಿಸಿಕೊಂಡು ಬಂದಿದ್ದೆವು. ಆಮೇಲೆ ನಾನು ಸದಸ್ಯರಿಗೆ ಬರೆದ ಪತ್ರವನ್ನೂ ಅದರ ಹಿಂದಿನ ಲೆಕ್ಕವನ್ನೂ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಇದೇ ತಪ್ಪು ಇನ್ನೂ ಎಷ್ಟೋ ಸಂಘಗಳ ಕಪಾಟಿನ ಫೈಲುಗಳಲ್ಲಿ ಸದ್ದಿಲ್ಲದೆ ಕೂತಿರಬಹುದು.

ಕಾವಲು ಎಷ್ಟು ಎಕರೆಗೆ?

ವಿಮಾ ಮೊತ್ತ ಎಂದರೆ ಕಂಪನಿ ಕೊಡಬಹುದಾದ ಗರಿಷ್ಠ ಹಣ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ₹18 ಕೋಟಿಯ ಪಾಲಿಸಿ ಇದ್ದರೆ ₹10 ಲಕ್ಷದ ನಷ್ಟ ಪೂರ್ತಿ ಸಿಗಬೇಕು ಎಂದು ಅನ್ನಿಸುವುದು ಸಹಜ. ಅಲ್ಲಿಯೇ ನಾವು ಎಡವುವುದು. ಬೆಂಕಿ ವಿಮೆಯ ಪಾಲಿಸಿಗಳಲ್ಲಿ ಆವರೇಜ್ ಕ್ಲಾಸ್ ಎಂಬ ಷರತ್ತು ಇರುತ್ತದೆ. ಕಟ್ಟಡದ ನಿಜವಾದ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ, ಉಳಿದ ಭಾಗಕ್ಕೆ ಮಾಲೀಕರೇ ತಮಗೆ ತಾವು ವಿಮಾ ಕಂಪನಿ ಇದ್ದಂತೆ ಎಂಬುದು ಅದರ ತಾತ್ಪರ್ಯ. ಸಣ್ಣ ನಷ್ಟವಾದರೂ ದೊಡ್ಡ ನಷ್ಟವಾದರೂ ಅದೇ ಅನುಪಾತದಲ್ಲಿ ಇಬ್ಬರೂ ಹಂಚಿಕೊಳ್ಳಬೇಕು.

ಹತ್ತು ಎಕರೆ ತೆಂಗಿನ ತೋಟವಿದೆ ಎಂದುಕೊಳ್ಳಿ. ಕಾವಲಿನವನಿಗೆ ನಾಲ್ಕು ಎಕರೆಯ ಕೂಲಿ ಮಾತ್ರ ಕೊಟ್ಟಿದ್ದೀರಿ, ಆದರೆ ಯಾವ ನಾಲ್ಕು ಎಕರೆ ಎಂದು ಗೆರೆ ಎಳೆದಿಲ್ಲ. ಒಂದು ರಾತ್ರಿ ನೂರು ಕಾಯಿ ಕಳುವಾಯಿತು. ನೂರಕ್ಕೂ ಅವನೇ ಹೊಣೆ ಎನ್ನಲು ಬರುವುದಿಲ್ಲ. ಅವನು ತೆಗೆದುಕೊಂಡ ಕೂಲಿಗೆ ನಲವತ್ತು ಕಾಯಿಯ ಹೊಣೆ ನ್ಯಾಯ. ಉಳಿದ ಅರವತ್ತು ನಿಮ್ಮ ತಲೆಗೆ. ವಿಮಾ ಕಂಪನಿಯೂ ಪ್ರೀಮಿಯಂ ಪಡೆದದ್ದು ಕಟ್ಟಡದ ಒಂದು ಪಾಲಿಗೆ. ಆದ್ದರಿಂದ ಕಟ್ಟಡದ ಯಾವ ಮೂಲೆಯಲ್ಲಿ ನಷ್ಟವಾದರೂ ಅದು ಆ ಪಾಲನ್ನಷ್ಟೇ ಕೊಡುತ್ತದೆ.

ನಮ್ಮ ಲೆಕ್ಕ ಹೀಗಿತ್ತು. ಕಟ್ಟಡವನ್ನು ಇಂದು ಮತ್ತೆ ಕಟ್ಟಲು ತಗಲುವ ವೆಚ್ಚ ₹45 ಕೋಟಿ. ಪಾಲಿಸಿಯ ಮೊತ್ತ ₹18 ಕೋಟಿ. 18ನ್ನು 45ರಿಂದ ಭಾಗಿಸಿದರೆ ಶೇ. 40. ಒಪ್ಪಿದ ನಷ್ಟ ₹10 ಲಕ್ಷದ ಶೇ. 40 ಎಂದರೆ ₹4 ಲಕ್ಷ. ಅದರಲ್ಲಿ ನಾವೇ ಹೊರಬೇಕೆಂದು ಪಾಲಿಸಿಯಲ್ಲಿ ಬರೆದಿದ್ದ ಶೇ. 5, ಅಂದರೆ ₹20,000 ಕಳೆದು ₹3,80,000. ಉಳಿದ ₹6,20,000 ನಮ್ಮ ದುರಸ್ತಿ ನಿಧಿಯಿಂದ ಹೋಯಿತು.

ಈ ಸಲ ನಷ್ಟ ಸಣ್ಣದು, ತಡೆದುಕೊಂಡೆವು. ಅದೇ ಒಂದು ಬ್ಲಾಕಿನಲ್ಲಿ ಬೆಂಕಿ ಹತ್ತಿ ₹3 ಕೋಟಿ ನಷ್ಟವಾಗಿದ್ದರೆ? ಕಂಪನಿ ಕೊಡುವುದು ₹1.2 ಕೋಟಿ. ಉಳಿದ ₹1.8 ಕೋಟಿಯನ್ನು 96 ಮನೆಗಳಿಗೆ ಹಂಚಿದರೆ ತಲಾ ₹1,87,500. ಬೆಂಕಿ ತಾಗದ ಬ್ಲಾಕಿನವರೂ ಇದನ್ನು ಕೊಡಬೇಕು, ಏಕೆಂದರೆ ತೊಲೆ, ಕಂಬ, ಮೆಟ್ಟಿಲು, ಚಾವಣಿ ಎಲ್ಲವೂ ಎಲ್ಲರ ಸ್ವತ್ತು.

₹18 ಕೋಟಿ ಎಲ್ಲಿಂದ ಬಂತು?

ಹಳೆಯ ಫೈಲು ತೆಗೆದು ನೋಡಿದೆ. ಮೊದಲ ಸಮಿತಿಯವರು ಒಂದು ಹಾಳೆಯಲ್ಲಿ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದ್ದರು. ಕ್ರಯಪತ್ರಗಳಲ್ಲಿರುವ ಸೂಪರ್ ಬಿಲ್ಟಪ್ ಅಳತೆಯನ್ನೆಲ್ಲ ಕೂಡಿದರೆ 1,20,000 ಚದರಡಿ. ಆಗಿನ ಕಟ್ಟುವ ದರ ಚದರಡಿಗೆ ₹1,500. ಎರಡನ್ನೂ ಗುಣಿಸಿದರೆ ₹18 ಕೋಟಿ. ಶ್ರದ್ಧೆಯಿಂದ ಮಾಡಿದ ಲೆಕ್ಕವೇ. ಆದರೂ ಅದರಲ್ಲಿ ಮೂರು ಲೋಪಗಳಿದ್ದವು.

ಮೊದಲನೆಯದು ಬೇಸ್‌ಮೆಂಟು. ಕ್ರಯಪತ್ರದ ಸೂಪರ್ ಬಿಲ್ಟಪ್ ಅಳತೆಯಲ್ಲಿ ಮೆಟ್ಟಿಲು, ಲಾಬಿಗಳ ಪಾಲು ಸೇರಿರುತ್ತದೆ. ಕಾರು ನಿಲ್ಲಿಸುವ ಬೇಸ್‌ಮೆಂಟು ಸಾಮಾನ್ಯವಾಗಿ ಸೇರಿರುವುದಿಲ್ಲ. ನಮ್ಮದು 40,000 ಚದರಡಿಯ ಬೇಸ್‌ಮೆಂಟು. ಮಣ್ಣು ತಡೆಯುವ ಗೋಡೆ, ದಪ್ಪ ಕಾಂಕ್ರೀಟು, ನೀರು ಜಿನುಗದಂತೆ ಮಾಡುವ ಕೆಲಸ, ಎಲ್ಲವೂ ದುಬಾರಿ. ಅದು ಲೆಕ್ಕಕ್ಕೇ ಬಂದಿರಲಿಲ್ಲ.

ಎರಡನೆಯದು ಯಂತ್ರಗಳು. ಲಿಫ್ಟು, ಜನರೇಟರು, ಟ್ರಾನ್ಸ್‌ಫಾರ್ಮರು, ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ, ಪಂಪು, ಬೆಂಕಿ ನಂದಿಸುವ ಪೈಪು ಜಾಲ, ಕಾಂಪೌಂಡು. ಪಾಲಿಸಿಯಲ್ಲಿ ಇವೆಲ್ಲವೂ ಕಟ್ಟಡದೊಂದಿಗೆ ಸೇರಿವೆ ಎಂದು ಬರೆದಿತ್ತು, ಆದರೆ ಮೊತ್ತದಲ್ಲಿ ಇವುಗಳಿಗೆ ಒಂದು ರೂಪಾಯಿಯನ್ನೂ ಇಟ್ಟಿರಲಿಲ್ಲ. ಮಾಡಿದ ಮೊದಲ ದಿನವೇ ನಮ್ಮ ಪಾಲಿಸಿ ಕಟ್ಟಡಕ್ಕಿಂತ ಚಿಕ್ಕದಿತ್ತು.

ಮೂರನೆಯದು ಕಾಲ. ಸಿಮೆಂಟು, ಕಬ್ಬಿಣ, ಮರಳು, ಕೂಲಿ ಏರುತ್ತ ಹೋದರೂ ಪಾಲಿಸಿಯ ಅಂಕಿ ಅಲ್ಲೇ ನಿಂತಿತ್ತು. ಈಗ ನಮ್ಮ ಸಿವಿಲ್ ಎಂಜಿನಿಯರ್ ಕೊಟ್ಟ ದರ ಚದರಡಿಗೆ ₹2,600. ಹನ್ನೆರಡು ವರ್ಷಗಳಲ್ಲಿ ₹1,500 ಹೋಗಿ ₹2,600 ಆಗಲು ವರ್ಷಕ್ಕೆ ಶೇ. 5 ಕೂಡ ಏರಬೇಕಾಗಿಲ್ಲ. ಯಾರ ಕಣ್ಣಿಗೂ ಬೀಳದ ಏರಿಕೆ ಅದು. ವರ್ಷವರ್ಷ ನವೀಕರಣದ ನೋಟಿಸು ಬಂದಾಗ ‘ಕಳೆದ ವರ್ಷದಂತೆಯೇ’ ಎಂದು ಸಹಿ ಮಾಡಿದ ಪ್ರತಿ ಸಲವೂ ನಮ್ಮ ವಿಮೆ ಒಂದಿಷ್ಟು ಕುಗ್ಗಿತ್ತು.

ಹೊಸ ಲೆಕ್ಕ ಹೀಗಿದೆ. ಬೇಸ್‌ಮೆಂಟೂ ಸೇರಿ 1,60,000 ಚದರಡಿ, ₹2,600ರಂತೆ ₹41.6 ಕೋಟಿ. ಯಂತ್ರಗಳು ಮತ್ತು ಹೊರಗಿನ ಕಟ್ಟುವಳಿಗೆ ₹3.4 ಕೋಟಿ. ಒಟ್ಟು ₹45 ಕೋಟಿ. ಚದರಡಿಯ ಅಳತೆಯನ್ನು ಕ್ರಯಪತ್ರದಿಂದ ತೆಗೆಯದೆ, ಮಂಜೂರಾದ ನಕ್ಷೆ ಮತ್ತು ವಾಸಯೋಗ್ಯ ಪತ್ರದಿಂದ ತೆಗೆದೆವು. ದರವನ್ನು ಎಂಜಿನಿಯರರ ಅಂದಾಜಿನ ಜೊತೆಗೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಯೊಂದಿಗೂ ಹೋಲಿಸಿದೆವು. ಬಿಲ್ಡರ್ ಹೇಳಿದ ದರವನ್ನೋ ಏಜೆಂಟರ ಅಂದಾಜನ್ನೋ ನೆಚ್ಚಿಕೊಳ್ಳಲಿಲ್ಲ. ನಾಳೆ ನಷ್ಟವಾದರೆ ಸರ್ವೇಯರ್ ಹಾಕುವುದೂ ಇದೇ ಬಗೆಯ ಲೆಕ್ಕ. ಅವರ ಲೆಕ್ಕವನ್ನು ನಾವು ಮೊದಲೇ ಮಾಡಿಟ್ಟುಕೊಂಡರೆ ಆಗ ಗಾಬರಿಯಿಲ್ಲ.

ಸದಸ್ಯರಿಗೆ ಬರೆದ ಪತ್ರ

ಇಷ್ಟು ಗೊತ್ತಾದ ಮೇಲೆ ವಿಶೇಷ ಸರ್ವ ಸದಸ್ಯರ ಸಭೆ ಕರೆದು ಈ ಪತ್ರ ಕಳಿಸಿದೆ.

“ಮಾನ್ಯ ಸದಸ್ಯರೇ,

ನಮ್ಮ ಕಟ್ಟಡದ ವಿಮಾ ಪಾಲಿಸಿ ಮುಂದಿನ ತಿಂಗಳು ನವೀಕರಣಕ್ಕೆ ಬರುತ್ತದೆ. ಈಗಿನ ವಿಮಾ ಮೊತ್ತ ₹18 ಕೋಟಿ. ಇದನ್ನು ₹50 ಕೋಟಿಗೆ ಏರಿಸಲು ನಿಮ್ಮ ಒಪ್ಪಿಗೆ ಕೋರುತ್ತೇನೆ.

ಮಳೆ ನೀರಿನ ನಷ್ಟಕ್ಕೆ ನಮಗೆ ಪೂರ್ತಿ ಹಣ ಸಿಗದಿರಲು ಕಾರಣ, ಕಟ್ಟಡವನ್ನು ಮತ್ತೆ ಕಟ್ಟುವ ವೆಚ್ಚದ ಶೇ. 40ಕ್ಕೆ ಮಾತ್ರ ನಾವು ವಿಮೆ ಮಾಡಿಸಿದ್ದುದು. ಎಂಜಿನಿಯರರ ಅಂದಾಜು ಪತ್ರ ಮತ್ತು ಸರ್ವೇಯರ್ ವರದಿಯ ಪ್ರತಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ಎರಡನ್ನೂ ಓದಿಕೊಂಡು ಸಭೆಗೆ ಬನ್ನಿ.

ಇಂದಿನ ವೆಚ್ಚ ₹45 ಕೋಟಿ. ನಾವು ₹50 ಕೋಟಿ ಕೇಳುತ್ತಿರುವುದಕ್ಕೆ ಕಾರಣವಿದೆ. ನಮ್ಮ ಪಾಲಿಸಿ ಹೊಸದಾಗಿ ಕಟ್ಟುವ ಬೆಲೆಯ ಆಧಾರದ್ದು. ನಷ್ಟವಾದಾಗ ಹೋಲಿಸಿ ನೋಡುವುದು ಪಾಲಿಸಿ ಮಾಡಿಸಿದ ದಿನದ ವೆಚ್ಚವನ್ನಲ್ಲ, ಮರಳಿ ಕಟ್ಟುವ ಹೊತ್ತಿನ ವೆಚ್ಚವನ್ನು. ಪಾಲಿಸಿಯ ಕೊನೆಯ ತಿಂಗಳಲ್ಲಿ ಅವಘಡವಾಗಿ, ಕಟ್ಟುವುದಕ್ಕೆ ಮತ್ತೊಂದು ವರ್ಷ ಹಿಡಿದರೆ ಆಗಿನ ದರವೇ ಬೇರೆ. ಆ ಏರಿಕೆಗೆ ₹5 ಕೋಟಿಯ ಅಂತರ ಇಟ್ಟಿದ್ದೇವೆ.

ಈಗಿನ ಪ್ರೀಮಿಯಂ ಲಕ್ಷಕ್ಕೆ ₹30ರ ದರದಲ್ಲಿ, ಶೇ. 18 ಜಿಎಸ್‌ಟಿ ಸೇರಿ ₹63,720. ಅದೇ ದರದಲ್ಲಿ ಹೊಸ ಪ್ರೀಮಿಯಂ ₹1,77,000. ಹೆಚ್ಚಾಗುವುದು ₹1,13,280. ಪ್ರತಿ ಮನೆಗೆ ಸರಾಸರಿ ವರ್ಷಕ್ಕೆ ₹1,180, ತಿಂಗಳಿಗೆ ₹100ಕ್ಕೂ ಕಡಿಮೆ. ಇದನ್ನು ಮೈಂಟೆನೆನ್ಸ್ ಲೆಕ್ಕದಲ್ಲಿ ನಿಮ್ಮ ನಿಮ್ಮ ಪಾಲಿನಂತೆ ಸೇರಿಸಲಾಗುವುದು.

ಸಭೆಯ ಮುಂದೆ ಎರಡು ನಿರ್ಣಯಗಳಿವೆ. ಒಂದು, ವಿಮಾ ಮೊತ್ತವನ್ನು ₹50 ಕೋಟಿಗೆ ಏರಿಸುವುದು. ಎರಡು, ಇನ್ನು ಮುಂದೆ ಪ್ರತಿ ನವೀಕರಣದಲ್ಲೂ ಮೊತ್ತವನ್ನು ಶೇ. 5ರಷ್ಟು ಏರಿಸುವುದು ಮತ್ತು ಮೂರು ವರ್ಷಕ್ಕೊಮ್ಮೆ ಎಂಜಿನಿಯರರಿಂದ ಹೊಸ ಅಂದಾಜು ಪಡೆಯುವುದು. ಎರಡನೆಯ ನಿರ್ಣಯವಿಲ್ಲದಿದ್ದರೆ ಹತ್ತು ವರ್ಷದ ನಂತರದ ಕಾರ್ಯದರ್ಶಿ ಇದೇ ಪತ್ರವನ್ನು ಮತ್ತೆ ಬರೆಯಬೇಕಾಗುತ್ತದೆ.

ನಷ್ಟವಾದ ಮೇಲೆ ಮೊತ್ತ ಏರಿಸಲು ಬರುವುದಿಲ್ಲ. ಆದ್ದರಿಂದ ನವೀಕರಣಕ್ಕೆ ಮೊದಲೇ ತೀರ್ಮಾನವಾಗಬೇಕೆಂದು ವಿನಂತಿಸುತ್ತೇನೆ.

ಇಂತಿ ನಿಮ್ಮ,
ಕಾರ್ಯದರ್ಶಿ”

ಸಭೆಯಲ್ಲಿ ಬಂದ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಕ್ಲಬ್ ಹೌಸ್‌ನಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿ ಸೇರಿದ್ದರು. ಮೊದಲು ಎದ್ದು ನಿಂತವರು ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು.

“ಅಲ್ಲ ಸರ್, ಇಡೀ ಕಟ್ಟಡ ಯಾವತ್ತಾದರೂ ಬೀಳುತ್ತದೆಯೇ? ಬಿದ್ದರೂ ಒಂದು ಮೂಲೆ ಬೀಳಬಹುದು. ₹18 ಕೋಟಿ ಸಾಲದೇ?”

ಎಲ್ಲರ ಮನಸ್ಸಿನಲ್ಲಿದ್ದುದೂ ಇದೇ ಪ್ರಶ್ನೆ. ತೆಂಗಿನ ತೋಟದ ಕಾವಲಿನ ಮಾತನ್ನು ನಾನು ಹೇಳಿದ್ದು ಆಗಲೇ. ವಿಮಾ ಮೊತ್ತವೆಂದರೆ ನಾವು ಹೆದರುವ ನಷ್ಟದ ಅಂದಾಜಲ್ಲ, ಇರುವ ಸ್ವತ್ತಿನ ಅಳತೆ. ಕಟ್ಟಡದ ಒಂದು ಮೂಲೆಗೆ ಮಾತ್ರ ಪೆಟ್ಟು ಬಿದ್ದರೂ ಪರಿಹಾರ ಎಣಿಸುವಾಗ ಇಡೀ ಕಟ್ಟಡವೇ ಲೆಕ್ಕಕ್ಕೆ ಬರುತ್ತದೆ. ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, “ಅಂದರೆ ಛೇದ ತಪ್ಪಿದರೆ ಉತ್ತರ ತಪ್ಪಿತು” ಎಂದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಆಗುತ್ತಿರಲಿಲ್ಲ.

ಎರಡನೆಯ ಪ್ರಶ್ನೆ ಇನ್ನೊಂದು ತುದಿಯಿಂದ ಬಂತು. “ನನ್ನ ಫ್ಲ್ಯಾಟೇ ಇವತ್ತು ₹1 ಕೋಟಿಗೆ ಹೋಗುತ್ತದೆ. 96 ಮನೆ ಎಂದರೆ ₹96 ಕೋಟಿ. ನೀವು ಅರ್ಧಕ್ಕೆ ವಿಮೆ ಮಾಡಿಸುತ್ತಿದ್ದೀರಲ್ಲ?” ಎಂದು ಎ ಬ್ಲಾಕಿನ ಒಬ್ಬ ಮೇಡಂ ಕೇಳಿದರು. ಮಾರಾಟದ ಬೆಲೆಯಲ್ಲಿ ದೊಡ್ಡ ಪಾಲು ಜಾಗದ್ದು. ಅದರ ಮೇಲೆ ಮೆಟ್ರೋ ಹತ್ತಿರವಿದೆ, ಶಾಲೆ ಹತ್ತಿರವಿದೆ ಎಂಬ ಕಾರಣಕ್ಕೆ ಏರಿದ ಬೆಲೆ. ಬೆಂಕಿಗೆ ಜಾಗ ಸುಡುವುದಿಲ್ಲ, ನೀರಿಗೆ ಮೆಟ್ರೋ ಕೊಚ್ಚಿಹೋಗುವುದಿಲ್ಲ. ವಿಮೆ ಬೇಕಿರುವುದು ಗಾರೆ, ಕಾಂಕ್ರೀಟು, ತಂತಿ, ಪೈಪುಗಳಿಗೆ. ₹96 ಕೋಟಿಗೆ ಮಾಡಿಸಿದರೂ ಕಂಪನಿ ನಿಜವಾದ ನಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ, ಹೆಚ್ಚು ಕಟ್ಟಿದ ಪ್ರೀಮಿಯಂ ವ್ಯರ್ಥ. ಕಡಿಮೆ ಮಾಡಿಸುವುದು ತಪ್ಪಾದಂತೆ ಹೆಚ್ಚು ಮಾಡಿಸುವುದೂ ತಪ್ಪು.

ಮೂರನೆಯವರು ಹೊಸದಾಗಿ ಮನೆ ಕೊಂಡ ದಂಪತಿ. ಸಾಲ ಕೊಟ್ಟ ಬ್ಯಾಂಕು ಅವರ ಫ್ಲ್ಯಾಟಿಗೆ ಬೇರೆಯಾಗಿ ವಿಮೆ ಮಾಡಿಸಿತ್ತು. “ನಮಗೆ ಎರಡೆರಡು ಸಲ ಯಾಕೆ?” ಎಂದರು. ಆ ಪಾಲಿಸಿಯನ್ನು ತರಿಸಿ ನೋಡಿದೆವು. ಅದು ಅವರ ಮನೆಗೆ ಮಾತ್ರ. ಲಿಫ್ಟು, ಬೇಸ್‌ಮೆಂಟು, ನೀರಿನ ಟ್ಯಾಂಕು, ಪ್ಯಾನೆಲ್ ಬೋರ್ಡು ಅದರಲ್ಲಿರಲಿಲ್ಲ. ಹದಿನಾರು ಮನೆಗಳಿಗೆ ಒಂದೇ ಕಂಬದ ಸಾಲು ಆಧಾರವಾಗಿರುವಾಗ, ಒಬ್ಬರ ಪಾಲಿಸಿಯ ಹಣದಲ್ಲಿ ಆ ಕಂಬ ಎದ್ದು ನಿಲ್ಲುವುದಿಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮ, 1972 ಕೂಡ ಇದನ್ನೇ ಗುರುತಿಸಿದೆ. ಮಾಲೀಕರ ಬಹುಮತ ಬಯಸಿದರೆ ಆಡಳಿತ ಮಂಡಳಿ ಇಡೀ ಸ್ವತ್ತಿಗೆ ವಿಮೆ ಮಾಡಿಸಬೇಕು, ಅದರ ಪ್ರೀಮಿಯಂ ಎಲ್ಲರ ಸಾಮಾನ್ಯ ಖರ್ಚು, ಅದರ ಮೇಲೆ ಪ್ರತಿಯೊಬ್ಬರೂ ತಮ್ಮ ಮನೆಗೆ ಬೇರೆ ವಿಮೆ ಮಾಡಿಸಿಕೊಳ್ಳಲು ಸ್ವತಂತ್ರರು. ಒಂದು ಮಾತು ಇಲ್ಲಿ ಸ್ಪಷ್ಟವಾಗಿರಲಿ: ಸಂಘದ ಪಾಲಿಸಿಯಲ್ಲಿ ನಿಮ್ಮ ಮನೆಯೊಳಗಿನ ಸೋಫಾ, ಟಿವಿ, ಬೀರು ಸೇರಿರುವುದಿಲ್ಲ. ಅವಕ್ಕೆ ನಿಮ್ಮದೇ ವಿಮೆ ಬೇಕು.

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಯುವಕರೊಬ್ಬರು, “ಊರಿನಲ್ಲಿ ಅಪ್ಪನ ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಮಾಡಿಸಿದ್ದೇನೆ. ಅದರಲ್ಲಿ ಈ ಕಡಿತ ಇಲ್ಲವಂತೆ. ನಾವೂ ಅದನ್ನೇ ತೆಗೆದುಕೊಂಡು ₹18 ಕೋಟಿಯಲ್ಲೇ ಇರಬಹುದಲ್ಲ?” ಎಂದು ಕೇಳಿದರು.

ಅವರು ಹೇಳಿದ್ದು ನಿಜ. ಭಾರತೀಯ ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ವಾಸದ ಕಟ್ಟಡಗಳಿಗೆ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿದೆ. ಬೆಂಕಿ, ಭೂಕಂಪ, ಬಿರುಗಾಳಿ, ಪ್ರವಾಹ ಎಲ್ಲವೂ ಅದರಲ್ಲಿ ಸೇರಿಯೇ ಇರುತ್ತವೆ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದಾರೆಂದು ಪರಿಹಾರವನ್ನು ಅನುಪಾತದಲ್ಲಿ ಇಳಿಸುವ ಷರತ್ತು ಅದರಲ್ಲಿಲ್ಲ. ನಮ್ಮದು ಅದಕ್ಕಿಂತ ಹಳೆಯ ಬಗೆಯ ಪಾಲಿಸಿ, ವರ್ಷವರ್ಷ ಹಾಗೆಯೇ ಮುಂದುವರಿದದ್ದು. ಆದ್ದರಿಂದ ಎರಡೂ ಬಗೆಗೆ ದರ ಕೇಳುತ್ತೇವೆಂದು ಸಭೆಗೆ ಹೇಳಿದೆ.

ಆದರೆ ಗೃಹ ರಕ್ಷಾದಲ್ಲೂ ಕಟ್ಟಡದ ವಿಮಾ ಮೊತ್ತವನ್ನು ಕಟ್ಟಡದ ಅಳತೆ ಮತ್ತು ಪಾಲಿಸಿ ಶುರುವಾಗುವ ದಿನದ ಕಟ್ಟುವ ದರದಿಂದಲೇ ಲೆಕ್ಕ ಹಾಕಬೇಕು. ಅನುಪಾತದ ಕಡಿತ ಇಲ್ಲದಿದ್ದರೂ ಮೊತ್ತದ ಮಿತಿ ಇದ್ದೇ ಇರುತ್ತದೆ. ₹18 ಕೋಟಿಗೆ ಮಾಡಿಸಿದ್ದರೆ ಕಟ್ಟಡ ಪೂರ್ತಿ ನೆಲಕಚ್ಚಿದ ದಿನ ಸಿಗುವುದು ₹18 ಕೋಟಿಯೇ. ಸಣ್ಣ ನಷ್ಟಕ್ಕೆ ಆ ಪಾಲಿಸಿ ನಮ್ಮನ್ನು ಕಾಪಾಡೀತು. ಎಲ್ಲರೂ ಬೀದಿಗೆ ಬೀಳುವ ದೊಡ್ಡ ನಷ್ಟಕ್ಕೆ ಕಾಪಾಡುವುದು ಸರಿಯಾದ ಮೊತ್ತ ಮಾತ್ರ. ಅದರಲ್ಲಿ ವರ್ಷಕ್ಕೆ ಶೇ. 10ರಂತೆ ಮೊತ್ತ ತಾನಾಗಿ ಏರುವ ಸೌಲಭ್ಯವೂ ಇದೆ, ಆದರೆ ಅದು ಒಂದಕ್ಕಿಂತ ಹೆಚ್ಚು ವರ್ಷದ ಅವಧಿಗೆ ಒಟ್ಟಿಗೆ ಮಾಡಿಸಿದ ಪಾಲಿಸಿಗೆ. ವರ್ಷಕ್ಕೊಮ್ಮೆ ನವೀಕರಿಸುವವರು ತಾವೇ ಏರಿಸಿಕೊಳ್ಳಬೇಕು.

ಕೈ ಎತ್ತುವ ಹೊತ್ತು ಬಂದಾಗ ಎರಡೂ ನಿರ್ಣಯಗಳು ಒಪ್ಪಿಗೆಯಾದವು. ವಿರೋಧಿಸಿದವರು ನಾಲ್ವರು. ಅವರ ಆಕ್ಷೇಪ ಮೊತ್ತದ ಬಗ್ಗೆ ಆಗಿರಲಿಲ್ಲ. ದೊಡ್ಡ ಫ್ಲ್ಯಾಟಿನವರೂ ಚಿಕ್ಕ ಫ್ಲ್ಯಾಟಿನವರೂ ಹೇಗೆ ಹಂಚಿಕೊಳ್ಳಬೇಕು ಎಂಬುದು ಅವರ ತಕರಾರು. ಅದನ್ನು ನಮ್ಮ ಘೋಷಣಾ ಪತ್ರದಲ್ಲಿ ಪ್ರತಿ ಮನೆಗೆ ಬರೆದಿರುವ ಶೇಕಡಾವಾರು ಪಾಲಿನಂತೆಯೇ ಬಗೆಹರಿಸಿದೆವು.

ನಿಮ್ಮ ಪಾಲಿಸಿಯಲ್ಲಿ ಏನು ನೋಡಬೇಕು?

ಪಾಲಿಸಿಯ ಪುಸ್ತಕ ದಪ್ಪಗಿರುತ್ತದೆ. ಅದರ ಮೊದಲಿಗೆ ಬರುವ ಶೆಡ್ಯೂಲ್ ಎಂಬ ಒಂದೆರಡು ಪುಟಗಳನ್ನು ಓದಿದರೆ ಮುಖ್ಯವಾದದ್ದೆಲ್ಲ ತಿಳಿಯುತ್ತದೆ.

ಮೊದಲು ವಿಮಾ ಮೊತ್ತವನ್ನು ನಿಮ್ಮ ಕಟ್ಟಡದ ಒಟ್ಟು ಚದರಡಿಯಿಂದ ಭಾಗಿಸಿ. ಬೇಸ್‌ಮೆಂಟನ್ನು ಸೇರಿಸಲು ಮರೆಯಬೇಡಿ. ನಮ್ಮದನ್ನು ಹಾಗೆ ಭಾಗಿಸಿದಾಗ ಬಂದದ್ದು ಚದರಡಿಗೆ ₹1,125. ಆ ಹಣಕ್ಕೆ ಇವತ್ತು ಬೆಂಗಳೂರಿನಲ್ಲಿ ಲಿಫ್ಟಿರುವ ಕಟ್ಟಡ ಕಟ್ಟಿಕೊಡುವ ಗುತ್ತಿಗೆದಾರ ಸಿಗುವುದಿಲ್ಲ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಕಾಯಿಲೆ ಇದೆಯೋ ಇಲ್ಲವೋ ತಿಳಿಯಲು ಈ ಒಂದು ಭಾಗಾಕಾರ ಸಾಕು.

ಮುಂದೆ, ಬೆಲೆ ಕಟ್ಟುವ ಆಧಾರ ಯಾವುದು ನೋಡಿ. ಹೊಸದಾಗಿ ಕಟ್ಟುವ ಬೆಲೆ ಎಂದಿದ್ದರೆ ಹಳೆಯದಕ್ಕೆ ಹೊಸದು ಸಿಗುತ್ತದೆ. ಮಾರುಕಟ್ಟೆ ಬೆಲೆ ಎಂದಿದ್ದರೆ ಕಟ್ಟಡಕ್ಕಾದ ವಯಸ್ಸಿನಷ್ಟು ಸವಕಳಿ ಕಳೆದು ಕೊಡುತ್ತಾರೆ. ಮನೆ ಖರೀದಿಯಲ್ಲಿ ನಾವು ಹೇಳುವ ಮಾರುಕಟ್ಟೆ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಹೊಸ ಬೆಲೆಯ ಪಾಲಿಸಿಯಲ್ಲೂ ಒಂದು ಷರತ್ತಿದೆ: ನಿಜವಾಗಿ ಮರಳಿ ಕಟ್ಟಿದರೆ ಮಾತ್ರ ಪೂರ್ತಿ ಹಣ, ಅದೂ ಸಾಮಾನ್ಯವಾಗಿ 12 ತಿಂಗಳೊಳಗೆ. ತಡವಾಗುವಂತಿದ್ದರೆ ಅವಧಿ ಮುಗಿಯುವ ಮೊದಲೇ ಕಂಪನಿಯಿಂದ ಲಿಖಿತವಾಗಿ ವಿಸ್ತರಣೆ ಪಡೆಯಬೇಕು.

ಆಮೇಲೆ ಪ್ರವಾಹ ಮತ್ತು ಭೂಕಂಪ ಸೇರಿವೆಯೇ ನೋಡಿ. ಹಳೆಯ ಬಗೆಯ ಬೆಂಕಿ ಪಾಲಿಸಿಗಳಲ್ಲಿ ಪ್ರೀಮಿಯಂ ಇಳಿಸಲು ಬಿರುಗಾಳಿ, ಪ್ರವಾಹದ ಭಾಗವನ್ನು ಕೈಬಿಡುವ ಅವಕಾಶವಿತ್ತು. ಭೂಕಂಪಕ್ಕೆ ಬೇರೆ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಿತ್ತು. ಬೆಂಗಳೂರಿನಲ್ಲಿ ಪ್ರವಾಹದ ಭಾಗವನ್ನು ಕೈಬಿಟ್ಟರೆ ಪಾಲಿಸಿಯ ಜೀವವನ್ನೇ ಕೈಬಿಟ್ಟಂತೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತಂದದ್ದು, 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಸಾಗಿಸಿದ್ದು ಎಲ್ಲರ ನೆನಪಿನಲ್ಲಿದೆ. ಕೆರೆಗಳ ನಡುವಿನ ಈ ಊರಿನಲ್ಲಿ ನೀರು ಮೊದಲು ನುಗ್ಗುವುದು ಬೇಸ್‌ಮೆಂಟಿಗೆ, ಮತ್ತು ನಮ್ಮ ದುಬಾರಿ ಯಂತ್ರಗಳೆಲ್ಲ ಇರುವುದೂ ಅಲ್ಲೇ.

ಮೊತ್ತವನ್ನು ಒಂದೇ ಸಾಲಿನಲ್ಲಿ ಬರೆದಿದ್ದಾರೆಯೇ, ಬ್ಲಾಕು ಬ್ಲಾಕಿಗೆ ಬೇರೆ ಮಾಡಿದ್ದಾರೆಯೇ ಎಂಬುದೂ ಮುಖ್ಯ. ಬೇರೆ ಬೇರೆ ಬರೆದಿದ್ದರೆ ಪ್ರತಿಯೊಂದಕ್ಕೂ ಅನುಪಾತದ ಲೆಕ್ಕ ಬೇರೆ. ಎ ಬ್ಲಾಕಿಗೆ ಹೆಚ್ಚು, ಬಿ ಬ್ಲಾಕಿಗೆ ಕಡಿಮೆ ಬರೆದಿದ್ದರೆ ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ತುಂಬುವುದಿಲ್ಲ.

ಮೊತ್ತ ಎಷ್ಟೇ ಸರಿಯಿದ್ದರೂ ಈ ಪಾಲಿಸಿ ಕೊಡದ ಸಂಗತಿಗಳಿವೆ. ಹಳೆಯದಾಗಿ ಬಿರುಕು ಬಿಟ್ಟ ಗೋಡೆ, ವರ್ಷಗಳಿಂದ ಸೋರುತ್ತಿರುವ ಚಾವಣಿ, ತಾನಾಗಿಯೇ ಕೆಟ್ಟುಹೋದ ಲಿಫ್ಟ್ ಮೋಟಾರು ಇವು ನಿರ್ವಹಣೆಯ ಖರ್ಚುಗಳೇ ಹೊರತು ವಿಮೆಯವಲ್ಲ. ಶಾರ್ಟ್ ಸರ್ಕೀಟಿನಲ್ಲಿ ಸುಟ್ಟ ಯಂತ್ರಕ್ಕೆ ಸಾಮಾನ್ಯ ಬೆಂಕಿ ಪಾಲಿಸಿ ಹಣ ಕೊಡುವುದಿಲ್ಲ, ಆದರೆ ಅಲ್ಲಿಂದ ಹೊತ್ತಿದ ಬೆಂಕಿ ಬೇರೆಡೆಗೆ ಹಬ್ಬಿ ಆದ ನಷ್ಟಕ್ಕೆ ಕೊಡುತ್ತದೆ. ಇದನ್ನು ಮೊದಲೇ ಸದಸ್ಯರಿಗೆ ಹೇಳಿಟ್ಟರೆ ನಾಳೆ ಜಗಳವಿರುವುದಿಲ್ಲ.

ನವೀಕರಣ ಇನ್ನೂ ದೂರವಿದ್ದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಅವಧಿಯ ನಡುವೆಯೂ ಉಳಿದ ದಿನಗಳಿಗೆ ತಕ್ಕ ಪ್ರೀಮಿಯಂ ಕಟ್ಟಿ, ಎಂಡಾರ್ಸ್‌ಮೆಂಟ್ ಮೂಲಕ ಮೊತ್ತವನ್ನು ಏರಿಸಿಕೊಳ್ಳಬಹುದು.

₹3 ಕೋಟಿಯ ಬೆಂಕಿ ಬಿದ್ದಿದ್ದರೆ ಪ್ರತಿ ಮನೆಗೆ ₹1,87,500 ಹೊರೆಯಾಗುತ್ತಿತ್ತು ಎಂದೆನಲ್ಲ, ಆ ಹಣದಲ್ಲಿ ಹೊಸ ಮೊತ್ತದ ಹೆಚ್ಚುವರಿ ಪ್ರೀಮಿಯಂ 158 ವರ್ಷ ಕಟ್ಟಬಹುದು. ನಿಮ್ಮ ಸಂಘದ ಕಾರ್ಯದರ್ಶಿಯಿಂದ ಇಂಥ ಪತ್ರ ಬಂದರೆ ಲೆಕ್ಕ ಕೇಳಿ, ಅಂದಾಜು ಪತ್ರ ಕೇಳಿ, ಸರಿ ಕಂಡರೆ ಕೈ ಎತ್ತಿ. ಪತ್ರವೇ ಬರದಿದ್ದರೆ ಈ ವಾರವೇ ಶೆಡ್ಯೂಲಿನ ಪ್ರತಿ ಕೇಳಿ ಪಡೆದು, ಮೊತ್ತವನ್ನು ಚದರಡಿಯಿಂದ ನೀವೇ ಭಾಗಿಸಿ ನೋಡಿ.